ಬಾಗಿದ ತೆಂಗು ನೀರಿನಲ್ಲಿ ಎತ್ತ ಬಾಗುತ್ತದೆ

ಕುಶಾಲನಗರದಿಂದ ಒಂಬತ್ತು ಕಿಲೋಮೀಟರ್ ಈಚೆಗಿರುವ ಆ ಊರಿನಲ್ಲಿ ಉಷಾರಾಣಿ ಹೊಲಿದ ರವಿಕೆ ಹಾಕದ ಹೆಂಗಸು ಸಿಗುವುದು ಕಷ್ಟ. ಹೊಲಿಗೆ ಮಿಷನ್ನು ಇರುವುದು ಮನೆಯ ಪಡಸಾಲೆಗೆ ತಾಗಿದ ಕಿರುಕೋಣೆಯಲ್ಲಿ. ಮೊದಲು ಅಲ್ಲಿ ಗೊಬ್ಬರದ ಚೀಲ ಇಡುತ್ತಿದ್ದರು. ಈಗಲೂ ಎರಡು ಚೀಲ ಮೂಲೆಯಲ್ಲಿವೆ. ಕಿಟಕಿಯ ಕಟ್ಟೆಯ ಮೇಲೆ ಚಾಕ್ ತುಂಡು, ಟೇಪು, ನೂಲಿನ ಉಂಡೆಗಳು. ಗೋಡೆಯ ಮೊಳೆಗೆ ನೇತುಬಿದ್ದ ಕಾಗದದ ಅಳತೆಗಳು. ಮನೆಯವರು ಅದನ್ನು ಕೆಲಸ ಎನ್ನುವುದಿಲ್ಲ. ಅವಳ ಅತ್ತೆ ನಿಂಗಮ್ಮನ ಬಾಯಲ್ಲಿ ಅದು "ಕುಂತ್ಕೊಳೋದು". "ಏನ್ಮಾಡ್ತಾವಳೆ ಸೊಸೆ?" ಎಂದು ಯಾರಾದರೂ ಕೇಳಿದರೆ, "ಇನ್ನೇನು, ಕುಂತವ್ಳೆ" ಎಂದುಬಿಡುತ್ತಾರೆ.

ಹಾಗೆ ಕೂರಲು ಸಿಗುವ ಹೊತ್ತಾದರೂ ಎಷ್ಟು? ಬೆಳಗ್ಗೆ ಐದಕ್ಕೆ ಒಲೆ, ಹಸು, ಅಂಗಳ. ಏಳಕ್ಕೆ ಮಗ ತೇಜಸ್‌ಗೆ ತಿಂಡಿ ಡಬ್ಬಿ. ಅವನು ಕುಶಾಲನಗರದ ಇಂಗ್ಲಿಷ್ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾನೆ. ಎಂಟಕ್ಕೆ ಶುಂಠಿ ಹೊಲದ ಆಳುಗಳಿಗೆ ಚಹಾ, ಒಂದಕ್ಕೆ ಊಟ, ಮತ್ತೆ ಚಹಾ. ನಡುವೆ ಪಾತ್ರೆ, ಬಟ್ಟೆ, ಅತ್ತೆಯ ಮಂಡಿಗೆ ಎಣ್ಣೆ. ಅವಳ ಜೊತೆ ಜೊತೆಗೇ ಇನ್ನೊಂದು ಜೊತೆ ಪುಟ್ಟ ಕೈ: ಐದನೇ ತರಗತಿಯ ಇಂಚರ. ಹತ್ತು ವರ್ಷದ ಹುಡುಗಿಗೆ ಹದಿನೈದು ಜನರ ಸಾರಿಗೆ ಉಪ್ಪೆಷ್ಟು ಎಂದು ಗೊತ್ತು. ಅದನ್ನು ಕಂಡು ಊರವರು, "ಅವ್ವನಿಗೆ ತಕ್ಕ ಮಗಳು" ಎಂದಾಗಲೆಲ್ಲ ಉಷಾರಾಣಿಯ ಎದೆಯಲ್ಲಿ ಸೂಜಿ ಆಡುತ್ತದೆ. ಅವಳೂ ಹೀಗೇ ಹೊಗಳಿಸಿಕೊಂಡೇ ಒಂಬತ್ತನೇ ತರಗತಿ ಬಿಟ್ಟವಳು. ಅವ್ವ ಕಾಯಿಲೆ ಬಿದ್ದು ಮಲಗಿದ್ದಳು, ಮುದ್ದೆ ತೊಳಸುವವರು ಬೇಕಿತ್ತು. ಯಾರೂ ಬಿಡು ಎಂದಿರಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಊರಿನ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ. ಮುಂದೆ ಪಕ್ಕದೂರಿನ ಶಾಲೆ, "ಬೆಳಗ್ಗೆ ಸಾಯಂಕಾಲ ಮನೆಗೂ ಆಗ್ತಾಳೆ" ಎಂದು ಗಂಡ ಪುಟ್ಟರಾಜು ಆಗಲೇ ತೀರ್ಮಾನಿಸಿದ್ದ. ಇನ್ನುಳಿದದ್ದು ಒಂದೇ ದಾರಿ. ಸರ್ಕಾರಿ ವಸತಿ ಶಾಲೆಯ ಆರನೇ ತರಗತಿ ಪ್ರವೇಶ ಪರೀಕ್ಷೆ. ಸೀಟು ಸಿಕ್ಕರೆ ಅಲ್ಲೇ ಊಟ, ಅಲ್ಲೇ ವಾಸ, ಅಲ್ಲೇ ಓದು. ಬರೆಯಲು ಅವಕಾಶ ಒಂದೇ ಸಲ.

ಅರ್ಜಿ ಹಾಕಿಸಿದವರು ಶಾಲೆಯ ಶರ್ಮಿಳಾ ಮಿಸ್. ಎರಡು ತರಗತಿಗಳನ್ನು ಒಬ್ಬರೇ ನೋಡುವ ಅವರು ಉಷಾರಾಣಿಯನ್ನು ಕರೆದು ಒಂದು ಕಟ್ಟು ಜೆರಾಕ್ಸ್ ಕೊಟ್ಟರು.

"ಉಷಕ್ಕ, ಲೆಕ್ಕ, ಭಾಷೆ ನಾನು ಮಾಡಿಸ್ತೀನಿ. ಈ ಚಿತ್ರದ ಪ್ರಶ್ನೆ ಮನೇಲಿ ಅಭ್ಯಾಸ ಮಾಡ್ಸಿ. ಕನ್ನಡಿ ಬಿಂಬ, ನೀರಿನ ಬಿಂಬ. ಒಂದು ಚಿತ್ರ ಕೊಟ್ಟು, ಪಕ್ಕದಲ್ಲಿ ನಾಲ್ಕು ಚಿತ್ರ ಕೊಟ್ಟಿರ್ತಾರೆ, ಯಾವುದು ಸರಿ ಅಂತ ಗುರುತಿಸ್ಬೇಕು. ಪದ ಇಲ್ಲ, ಲೆಕ್ಕ ಇಲ್ಲ, ಬರೀ ಕಣ್ಣು."

"ಬರೀ ಕಣ್ಣಾದ್ರೆ ನಾನು ಮಾಡಿಸ್ತೀನಿ ಮಿಸ್," ಎಂದಿದ್ದಳು ಉಷಾರಾಣಿ. ಶಾಲೆ ಬಿಟ್ಟು ಇಪ್ಪತ್ತು ವರ್ಷದ ಮೇಲೆ ಪಾಠದ ಹಾಳೆಯೊಂದು ತನಗೆ ಅರ್ಥವಾಗಿತ್ತು.

ಅರ್ಥವಾಗದೆ ಏನು? ರವಿಕೆಯ ಎಡ ಮುಂಭಾಗ, ಬಲ ಮುಂಭಾಗ ಒಂದಕ್ಕೊಂದು ಕನ್ನಡಿ. ಒಂದೇ ಕಾಗದದ ಅಳತೆ. ಒಂದು ಸಲ ಹಾಗೇ ಇಟ್ಟು ಕತ್ತರಿಸಬೇಕು, ಇನ್ನೊಂದು ಸಲ ಪುಸ್ತಕದ ಹಾಳೆ ತಿರುವಿದಂತೆ ಮಗುಚಿ ಇಟ್ಟು ಕತ್ತರಿಸಬೇಕು. ಮಗುಚಲು ಮರೆತರೆ ಎರಡೂ ಎಡವೇ ಆಗುತ್ತವೆ, ಬಟ್ಟೆ ದಂಡ. ಹೊಲಿಗೆ ಕಲಿತ ಮೊದಲ ತಿಂಗಳು ಆ ತಪ್ಪು ಮಾಡಿ ಬೈಸಿಕೊಂಡಿದ್ದವಳಿಗೆ ಕನ್ನಡಿ ಬಿಂಬ ಕೈಗೇ ಗೊತ್ತಿತ್ತು. ಹಾಗೇ ಕಲಿಸಿದಳು. "ಕನ್ನಡಿ ಅಂದ್ರೆ ಹಾಳೆ ಮಗುಚೋದು ಪುಟ್ಟಿ. ಎಡದ್ದು ಬಲಕ್ಕೆ ಬರುತ್ತೆ, ತಲೆ ತಲೆಯಾಗೇ ಇರುತ್ತೆ."

ನೀರಿನ ಬಿಂಬಕ್ಕೂ ಹೊಲಿಗೆಯನ್ನೇ ನೆಚ್ಚಿಕೊಂಡಳು. ಬಟ್ಟೆ ಕಡಿಮೆ ಇದ್ದಾಗ ಒಂದು ತೋಳನ್ನು ನೆಟ್ಟಗೆ, ಇನ್ನೊಂದನ್ನು ತಲೆಕೆಳಗಾಗಿ ತಿರುಗಿಸಿ ಪಕ್ಕಕ್ಕಿಟ್ಟರೆ ಬಟ್ಟೆ ಉಳಿಯುತ್ತದೆ. ನೀರಿನಲ್ಲೂ ಎಲ್ಲ ತಲೆಕೆಳಗು ತಾನೆ? "ನೀರು ಅಂದ್ರೆ ಹಾಳೇನ ತಲೆಕೆಳಗು ತಿರುಗಿಸೋದು. ಅಷ್ಟೇ." ಹಾಳೆಗಳ ಮೇಲ್ಗಡೆ ಮಾದರಿಗೆಂದು ಉತ್ತರ ಬಿಡಿಸಿಟ್ಟ ಒಂದೊಂದು ಚಿತ್ರವಿತ್ತು. ಒಂದರಲ್ಲಿ ಮಡಕೆ, ಒಂದರಲ್ಲಿ ಗೋಪುರ. ಹಾಳೆ ತಿರುಗಿಸಿ ನೋಡಿದಳು, ಸರಿಯಾಗಿ ಹೊಂದಿತು. ಉಳಿದ ಪ್ರಶ್ನೆಗಳಿಗೆ ಉತ್ತರದ ಪುಟ ಜೆರಾಕ್ಸಿನಲ್ಲಿ ಬಂದಿರಲಿಲ್ಲ. ಉತ್ತರ ಉಷಾರಾಣಿಯೇ.

ನಾಲ್ಕು ತಿಂಗಳು ಹಾಗೆ ನಡೆಯಿತು. ಹುರುಳಿಕಾಯಿ ಮುರಿಯುತ್ತ, ಅಕ್ಕಿ ಆರಿಸುತ್ತ, ತಾಯಿ ಮಗಳು ನಲವತ್ತು ಹಾಳೆ ಮುಗಿಸಿದರು. ಇಂಚರಳ ಕೈ ಎಷ್ಟು ಪಳಗಿತ್ತೆಂದರೆ ಹಾಳೆ ತಿರುಗಿಸುವುದೂ ಬೇಡ, ನೋಡಿದ ತಕ್ಷಣ ಗುರುತು ಹಾಕುತ್ತಿದ್ದಳು.

ಪರೀಕ್ಷೆ ಶನಿವಾರ. ಶುಕ್ರವಾರ ಮನೆಯಲ್ಲಿ ಶುಂಠಿ ಕೀಳುವ ಕೊನೆಯ ದಿನ. ಸಂಜೆಗೆ ವ್ಯಾಪಾರಿಯ ಲಾರಿ ಬರುವುದಿತ್ತು. ಹದಿನಾರು ಆಳು. ಮೋಟಾರಿನ ನೀರನ್ನೆಲ್ಲ ಶುಂಠಿ ತೊಳೆಯಲು ಹೊಲಕ್ಕೆ ತಿರುಗಿಸಿದ್ದರಿಂದ ಮನೆಯ ನಲ್ಲಿ ಒಣಗಿತ್ತು. ಇಂಚರಳನ್ನು ಶಾಲೆ ಬಿಡಿಸಿ ಒಲೆಯ ಮುಂದೆ ಕೂರಿಸಲಾಗಿತ್ತು. ಉಷಾರಾಣಿ ಮಣ್ಣು ಮೆತ್ತಿದ ಬಟ್ಟೆಗಳ ಬುಟ್ಟಿ ಹೊತ್ತು ಕೆರೆಗೆ ಹೋದಳು.

ಜನವರಿಯ ಬೆಳಗು. ಕೆರೆಯ ನೀರು ಅಲುಗಾಡದೆ ನಿಂತಿತ್ತು. ಪುಟ್ಟರಾಜುವಿನ ಪ್ಯಾಂಟಿಗೆ ಸೋಪು ಹಚ್ಚುತ್ತ ತಲೆಯೆತ್ತಿದಳು. ಎದುರು ದಡದಲ್ಲಿ ಆ ಹಳೆಯ ತೆಂಗಿನ ಮರ ಬಲಕ್ಕೆ, ಬಸ್ಸಿನ ರಸ್ತೆಯ ಕಡೆಗೆ ಬಾಗಿ ನಿಂತಿತ್ತು. ಹನ್ನೆರಡು ವರ್ಷದಿಂದ ನೋಡಿದ ಮರ. ಅದರ ಕೆಳಗೆ ನೀರಿನಲ್ಲಿ ಅದರ ಬಿಂಬ ತಲೆಕೆಳಗಾಗಿ ಇಳಿದಿತ್ತು. ಅದೂ ಬಲಕ್ಕೇ ಬಾಗಿತ್ತು.

ಸೋಪನ್ನು ಕಲ್ಲಿನ ಮೇಲಿಟ್ಟಳು.

ಮೂವತ್ತೊಂದನೇ ಹಾಳೆಯಲ್ಲಿ ಒಂದು ಬಾಗಿದ ಮರ ಇತ್ತು. ಬಲಕ್ಕೆ ಬಾಗಿದ ಮರ. ಅದರ ನೀರಿನ ಬಿಂಬ ಯಾವುದೆಂದು ಹಾಳೆ ತಿರುಗಿಸಿ ನೋಡಿ, ಎಡಕ್ಕೆ ಬಾಗಿದ ತಲೆಕೆಳಗಿನ ಮರಕ್ಕೆ ಗುರುತು ಹಾಕಿಸಿದ್ದು ತಾನೇ.

ಅವಳು ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟಳು. ಸೆರಗಿನ ಅಂಚಿನಿಂದ ಒಂದು ದಾರ ಕಿತ್ತು, ಎಲೆಯೊಂದನ್ನು ಕಡ್ಡಿಯ ತುದಿಗೆ, ಬಲಗಡೆಗೆ ನಿಲ್ಲುವಂತೆ ಕಟ್ಟಿದಳು. ನೀರು ನಿಲ್ಲುವ ತನಕ ಕಾದಳು. ನೀರಿನೊಳಗಿನ ಕಡ್ಡಿಯಲ್ಲಿ ಎಲೆ ಕೆಳಗೆ ಹೋಗಿತ್ತು. ಆದರೆ ಬಲಕ್ಕೇ ಇತ್ತು. ಕಿತ್ತು ಎಡಕ್ಕೆ ಕಟ್ಟಿದಳು. ನೀರಿನಲ್ಲೂ ಎಡಕ್ಕೇ ಹೋಯಿತು. ಮಡಕೆ, ಗೋಪುರ ಎರಡೂ ಎಡಬಲ ಸಮನಾದ ಚಿತ್ರಗಳು, ತಿರುಗಿಸಿದರೂ ಮಗುಚಿದರೂ ಒಂದೇ. ಅವೇ ತನ್ನನ್ನು ನಂಬಿಸಿ ಕೆಡಿಸಿದ್ದವು. ಹತ್ತು ಚಿತ್ರದ ಪ್ರಶ್ನೆಯಲ್ಲಿ ಎರಡಾದರೂ ನೀರಿನವು ಇರುತ್ತವೆ. ಕಳೆದ ವರ್ಷ ಒಂದೇ ಅಂಕದಲ್ಲಿ ಸೀಟು ತಪ್ಪಿದ ಮಕ್ಕಳನ್ನು ಮಿಸ್ ಹೆಸರು ಹೇಳಿ ಎಣಿಸಿದ್ದರು.

ಬಟ್ಟೆಯನ್ನು ಜಾಲಾಡಿಸದೆ, ಸೋಪಿನ ಸಮೇತ ಬುಟ್ಟಿಗೆ ತುಂಬಿ ಮನೆಗೆ ಓಡಿದಳು.

"ಏನವ್ವಾ ಇದು, ಇಷ್ಟು ಬೇಗ?" ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ ನಿಂಗಮ್ಮ ಬುಟ್ಟಿಗೆ ಇಣುಕಿದರು. "ನೊರೆ ಹಂಗೇ ಐತಲ್ಲ. ಕೆರೇಲಿ ಮೊಸಳೆ ಬಂತಾ?"

"ಆಮೇಲೆ ಜಾಲಾಡ್ತೀನಿ ಅತ್ತೆ. ಇಂಚರಂಗೆ ಒಂದು ಪಾಠ ಹೇಳ್ಬೇಕು."

"ಪಾಠವಂತೆ ಪಾಠ! ಹದಿನಾರು ಬಾಯಿ ಬತ್ತವೆ ಒಂದು ಗಂಟೆಗೆ. ಅವರಿಗೆ ಬಡಿಸು ನಿನ್ನ ಪಾಠವ."

ಒಲೆಯ ಮುಂದೆ ಇಂಚರ ಈರುಳ್ಳಿ ಹೆಚ್ಚುತ್ತಿದ್ದಳು. ಉಷಾರಾಣಿ ಪಕ್ಕದಲ್ಲಿ ಕುಕ್ಕರಿಸಿದಳು.

"ಪುಟ್ಟಿ, ನೀರಿನ ಬಿಂಬ ನಾನು ತಪ್ಪು ಹೇಳ್ಕೊಟ್ಟೆ ಕಣೇ."

ಹುಡುಗಿ ನಕ್ಕಳು. "ಸುಮ್ನಿರವ್ವ, ಹೆದರಿಸ್ಬೇಡ."

"ದೇವರಾಣೆ. ತಿರುಗಿಸ್ಬಾರ್ದು. ಮಗುಚ್ಬೇಕು."

"ಮಗುಚೋದು ಕನ್ನಡಿಗಲ್ವಾ?"

"ಅದು ಪಕ್ಕಕ್ಕೆ ಮಗುಚೋದು. ಇದು..."

"ಉಷಾ!" ಹಿತ್ತಲ ಬಾಗಿಲಲ್ಲಿ ಪುಟ್ಟರಾಜು. ಮಣ್ಣಿನ ಕಾಲು, ಕೈಯಲ್ಲಿ ಖಾಲಿ ಕ್ಯಾನು. "ಟೀ ಎಲ್ಲಿ? ಆಳುಗಳು ಕೈ ಕಟ್ಕೊಂಡು ಕುಂತವರೆ."

ಚಹಾ ಆಯಿತು. ಕ್ಯಾನು ಹೋಯಿತು. ಕಾಳು ಬೇಯಲು ಇಟ್ಟಿದ್ದಾಯಿತು. ಮತ್ತೆ ಕುಕ್ಕರಿಸಿದಳು. ಬೂದಿಯಲ್ಲಿ ಬೆರಳಿನಿಂದ ಒಂದು ಕಂಬ, ಅದರ ತುದಿಗೆ ಬಲಕ್ಕೆ ಒಂದು ಬಾವುಟ ಬರೆದಳು. "ಇದು ನೀರಲ್ಲಿ ಹೆಂಗೆ ಕಾಣುತ್ತೆ?" ಇಂಚರ ಯೋಚಿಸದೆ ಬಾವುಟವನ್ನು ಕೆಳಕ್ಕೆ, ಎಡಕ್ಕೆ ಬರೆದಳು. ಕೈ ಅಷ್ಟು ಪಳಗಿತ್ತು. "ಅಲ್ಲ, ಬಲಕ್ಕೇ," ಎಂದು ಉಷಾರಾಣಿ ಅಳಿಸಿದಳು. "ಈಗ ಕನ್ನಡಿಯಲ್ಲಿ?" ಹುಡುಗಿ ಬೂದಿಯನ್ನು ಕೈಯಿಂದ ಸಮ ಮಾಡಿದಳು. ಬಾವುಟವನ್ನು ಮೇಲೆ, ಬಲಕ್ಕೇ ಬರೆದಳು. ಇಷ್ಟು ದಿನ ಸರಿಯಾಗಿ ಬರುತ್ತಿದ್ದ ಕನ್ನಡಿಯೂ ಕೆಟ್ಟುಹೋಗಿತ್ತು.

"ಹಂಗಾದ್ರೆ ನಾನು ಮಾಡಿದ್ದೆಲ್ಲ ತಪ್ಪಾ?" ಇಂಚರಳ ಕಣ್ಣು ಈರುಳ್ಳಿಗಿಂತ ಹೆಚ್ಚಾಗಿಯೇ ತುಂಬಿದವು. "ನಲವತ್ತು ಹಾಳೆನೂ?"

"ಕನ್ನಡೀದು ಸರಿ. ನೀರಿಂದು ತಪ್ಪು."

"ಯಾರು ಹೇಳಿದ್ದು? ಮಿಸ್ಸಾ?"

"ಕೆರೆ."

ಪಡಸಾಲೆಯಿಂದ ನಿಂಗಮ್ಮ, "ಮುದ್ದೆಗೆ ಎಸರು ಇಟ್ರಾ?" ಎಂದರು. ಮಂಚದ ಮೇಲೆ ಮೊಬೈಲು ಹಿಡಿದು ಮಲಗಿದ್ದ ತೇಜಸ್ ಅಲ್ಲಿಂದಲೇ, "ಅಮ್ಮಾ, ಚಾರ್ಜರ್ ಕೊಡು" ಎಂದ. ಅವನಿಗೆ ಅವತ್ತು ಶಾಲೆಗೆ ರಜೆ. ರಜೆಯೆಂದರೆ ಅವನಿಗೆ ಮಂಚ.

ಉಷಾರಾಣಿ ಗಡಿಯಾರ ನೋಡಿದಳು. ಹನ್ನೆರಡು. ಊಟ ಮುಗಿದರೆ ಪಾತ್ರೆ, ಪಾತ್ರೆ ಮುಗಿದರೆ ಚಹಾ, ಚಹಾ ಮುಗಿದರೆ ಲಾರಿ, ಲಾರಿಯವರ ಊಟ. ಆ ಹೊತ್ತಿಗೆ ಹುಡುಗಿ ಗೋಡೆಗೊರಗಿ ನಿದ್ದೆ ಹೋಗಿರುತ್ತಾಳೆ. ನಾಳೆ ಎಂಟೂವರೆಗೆ ಬಸ್ಸು. ಇರುವುದು ಈಗ, ಇಲ್ಲವೆಂದರೆ ಇಲ್ಲ. ಹನ್ನೆರಡು ವರ್ಷದಲ್ಲಿ ಆ ಮನೆಯ ಊಟ ಒಂದು ದಿನವೂ ತಡವಾಗಿರಲಿಲ್ಲ. ಜ್ವರದಲ್ಲೂ ಇಲ್ಲ, ಬಸುರಿನಲ್ಲೂ ಇಲ್ಲ.

ಒಲೆಯಿಂದ ಸೌದೆ ಎಳೆದಳು. ಕುದಿಯಲು ಶುರುವಾಗಿದ್ದ ಎಸರನ್ನು ಕೆಳಗಿಳಿಸಿದಳು. ಕಾವಲಿಗೆ ಎಣ್ಣೆ ಹಚ್ಚುವ ಬಟ್ಟೆಯನ್ನು ಒಂದು ಕೈಯಲ್ಲಿ, ಮಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊಲಿಗೆಯ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿದಳು.

"ಅವ್ವ, ಊಟ..." ಎಂದಳು ಇಂಚರ.

"ಇವತ್ತು ಇಲ್ಲ."

ಅಳತೆಯ ಕಾಗದದ ಒಂದು ಚೂರಿಗೆ ಎಣ್ಣೆ ಬಟ್ಟೆ ಒರೆಸಿದಳು. ಕಾಗದ ಗಾಜಿನಂತೆ ಆಚೆ ಕಾಣತೊಡಗಿತು. ಅದರ ಮೇಲೆ ಪೆನ್ನಿನಿಂದ ಒತ್ತಿ ಒತ್ತಿ ಬರೆದಳು: ಒಂದು ಕಂಬ, ತುದಿಯಲ್ಲಿ ಬಲಕ್ಕೆ ಬಾವುಟ, ಬುಡದಲ್ಲಿ ಎಡಕ್ಕೆ ಒಂದು ಕಪ್ಪು ಚುಕ್ಕೆ, ಕಂಬದ ನಡುವೆ ಒಂದು ಓರೆ ಗೆರೆ.

"ನೋಡು. ಪುಸ್ತಕದ ಹಾಳೆ ತಿರುವಿದಂಗೆ ಪಕ್ಕಕ್ಕೆ ಮಗುಚ್ತೀನಿ. ಇದು ಪಕ್ಕದಲ್ಲಿಟ್ಟ ಕನ್ನಡಿ. ಏನಾಯ್ತು?"

ಇಂಚರ ಕಾಗದದ ಬೆನ್ನಿನ ಕಡೆಯಿಂದ ನೋಡಿದಳು. "ಬಾವುಟ ಮೇಲೇ ಐತೆ. ಎಡಕ್ಕೋಯ್ತು. ಚುಕ್ಕೆ ಕೆಳಗೇ ಐತೆ, ಬಲಕ್ಕೆ ಬಂತು."

"ಈಗ ಗೋಡೆ ಕ್ಯಾಲೆಂಡರ್ ಹಾಳೆ ಎತ್ತಿದಂಗೆ ಕೆಳಗಿನ ಅಂಚು ಹಿಡಿದು ಮೇಲಕ್ಕೆ ಮಗುಚ್ತೀನಿ. ಇದು ನೀರು."

"ಬಾವುಟ ಕೆಳಕ್ಕೋಯ್ತು." ಹುಡುಗಿ ಕಾಗದವನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. "ಬಲಕ್ಕೇ ಐತೆ! ಚುಕ್ಕೆ ಮೇಲ್ ಬಂತು, ಎಡಕ್ಕೇ ಐತೆ."

"ಈಗ ನಾನು ಹೇಳ್ಕೊಟ್ಟಿದ್ದು. ಮಗುಚದೆ, ಹಂಗೇ ಅರ್ಧ ಸುತ್ತು ತಿರುಗಿಸು."

"ಬಾವುಟ ಕೆಳಗೆ, ಎಡಕ್ಕೆ." ಹುಡುಗಿ ಅವ್ವನ ಮುಖ ನೋಡಿದಳು. "ಎರಡೂ ಬದಲಾಯ್ತು."

"ಅದೇ ತಪ್ಪು. ಆದ್ರೆ ನಾಲ್ಕು ಉತ್ತರದಲ್ಲಿ ಅದನ್ನೂ ಒಂದು ಬರೆದಿಟ್ಟಿರ್ತಾರೆ, ನಮ್ಮಂಥೋರಿಗೆ."

ಹೊರಗೆ ನಿಂಗಮ್ಮನ ಕೋಲಿನ ಸದ್ದು. "ಯಾವಳೇ ಅವಳು ಒಲೆ ಆರಿಸಿದ್ದು? ಉಷಾ? ಏಯ್ ಉಷಾ!"

ಉಷಾರಾಣಿ ಮೂವತ್ತೊಂದನೇ ಹಾಳೆ ತೆಗೆದು ಹಳೆಯ ಗುರುತು ಅಳಿಸಿದಳು. ಪರೀಕ್ಷೆಯಲ್ಲಿ ಎಣ್ಣೆ ಕಾಗದ ಇರುವುದಿಲ್ಲ, ಬರೀ ಕಣ್ಣು. ಹಾಗಾಗಿ ಕಣ್ಣಿಗೆ ಒಂದು ಕ್ರಮ ಹಾಕಿಕೊಡಬೇಕಿತ್ತು. "ನಾಲ್ಕೂ ಚಿತ್ರ ಒಟ್ಟಿಗೆ ನೋಡ್ಬೇಡ, ತಲೆ ಕೆಡುತ್ತೆ. ಪ್ರಶ್ನೆ ಚಿತ್ರದಲ್ಲಿ ಒಂದೇ ಒಂದು ಒಂಟಿ ಗುರುತು ಹಿಡ್ಕೊ. ಚುಕ್ಕೆನೋ, ಬಾವುಟನೋ. ನೀರಾದ್ರೆ ಮೊದಲು ಕೇಳು, ಮೇಲಿದ್ದದ್ದು ಕೆಳಕ್ಕೆ ಹೋಯ್ತಾ? ಹೋಗಿಲ್ಲ ಅಂದ್ರೆ ಗೀಟು ಹಾಕು. ಆಮೇಲೆ ಕೇಳು, ಎಡದ್ದು ಎಡದಲ್ಲೇ ಐತಾ? ಇಲ್ಲ ಅಂದ್ರೆ ಗೀಟು ಹಾಕು. ಉಳಿದಿದ್ದರಲ್ಲಿ ಎರಡನೇ ಗುರುತು ನೋಡು. ಕೆಲವರು ಬಾವುಟ ಸರಿಯಾಗಿ ಇಳಿಸಿ, ಚುಕ್ಕೆ ಮಾತ್ರ ಇದ್ದಲ್ಲೇ ಬಿಟ್ಟಿರ್ತಾರೆ."

"ಕನ್ನಡಿಗೆ?"

"ಕನ್ನಡಿಗೆ ಉಲ್ಟಾ ಕೇಳು. ಮೇಲಿದ್ದದ್ದು ಮೇಲೇ ಐತಾ? ಎಡದ್ದು ಬಲಕ್ಕೆ ಬಂತಾ?"

"ನೀರಿಗೆ ತಲೆ ಮುಳುಗುತ್ತೆ, ಪಕ್ಕ ಬದಲಾಗಲ್ಲ," ಇಂಚರ ಬಾಯಿಪಾಠದಂತೆ ಹೇಳಿಕೊಂಡಳು. "ಕನ್ನಡಿಗೆ ಪಕ್ಕ ಬದಲಾಗುತ್ತೆ, ತಲೆ ಮುಳುಗಲ್ಲ." ಪೆನ್ಸಿಲಿನಲ್ಲಿ ಮೊದಲ ಚಿತ್ರಕ್ಕೆ ಗೀಟು. ಮೂರನೆಯದಕ್ಕೆ ಗೀಟು. ಎರಡು, ನಾಲ್ಕು ಉಳಿದವು. ಕೈ ಅಭ್ಯಾಸದಂತೆ ಎರಡರ ಕಡೆಗೇ ಹೋಯಿತು, ಅದೇ ತಿರುಗಿಸಿದ ಚಿತ್ರದ ಕಡೆಗೆ. ಉಷಾರಾಣಿ ಸುಳಿವು ಕೊಡಲಿಲ್ಲ. ಪೆನ್ಸಿಲು ನಿಂತಿತು. ತುಟಿ ಅಲುಗಿತು. ನಾಲ್ಕಕ್ಕೆ ಗುರುತು ಬಿತ್ತು.

"ಈಗ ಇದರ ಓರೆ ಗೆರೆ ನೋಡು," ಎಂದಳು ಉಷಾರಾಣಿ, ಎಣ್ಣೆ ಕಾಗದ ಎತ್ತಿ ಹಿಡಿದು. "ಕನ್ನಡೀಲೂ ಓರೆ ಗೆರೆ ಓರೆ ಬದಲಾಯಿಸುತ್ತೆ, ನೀರಲ್ಲೂ ಬದಲಾಯಿಸುತ್ತೆ. ಸುಮ್ನೆ ತಿರುಗಿಸಿದ್ರೆ ಮಾತ್ರ ಅದು ಮುಂಚೆ ಇದ್ದಂಗೇ ಇರುತ್ತೆ. ಅನುಮಾನ ಬಂದ್ರೆ ಅದನ್ನ ನೋಡು. ಓರೆ ಹಂಗೇ ಉಳಿದಿದ್ರೆ ಅದು ಕಳ್ಳ ಚಿತ್ರ."

ಒಂದು ಹಾಳೆ, ಎರಡು ಹಾಳೆ, ಐದು ಹಾಳೆ. ಹೊರಗಿನ ಬೈಗುಳ ಈಗ ಒಂದೇ ಗಂಟಲಿನದಾಗಿರಲಿಲ್ಲ. ಆಳುಗಳು ಅಂಗಳಕ್ಕೆ ಬಂದಿದ್ದರು. ಅವರಲ್ಲಿ ಹನ್ನೊಂದು ಮಂದಿ ಹೆಂಗಸರು, ಬೆಳಗಿನಿಂದ ಬೆನ್ನು ಬಗ್ಗಿಸಿದವರು. ಅವರ ಹಸಿವಿನ ನೆನಪಾಗಿ ಉಷಾರಾಣಿ ಒಮ್ಮೆ ಬಾಗಿಲ ಕಡೆ ನೋಡಿದಳು. ಅಷ್ಟರಲ್ಲಿ ಕಿಟಕಿಯಲ್ಲಿ ಸಿದ್ದಮ್ಮನ ಮುಖ ಕಾಣಿಸಿತು. ಆಳುಗಳಲ್ಲಿ ಹಿರಿಯಳು, ಕೂದಲೆಲ್ಲ ಬಿಳಿ.

"ಏನ್ ನಡೀತಾ ಐತೆ ಒಳಗೆ? ಗಂಡನ ಕೂಟೆ ಜಗಳವಾ?"

"ಇಲ್ಲ ಸಿದ್ದಕ್ಕ. ನಾಳೆ ಮಗೀನ ಪರೀಕ್ಷೆ. ನಾನು ತಪ್ಪು ಕಲಿಸಿಬಿಟ್ಟಿದ್ದೆ. ಅರ್ಧ ಗಂಟೆ ಕೊಡಿ."

ಸಿದ್ದಮ್ಮ ಎಣ್ಣೆ ಕಾಗದ ನೋಡಿದಳು, ಹುಡುಗಿಯ ಮುಖ ನೋಡಿದಳು. "ರಾಗಿ ಹಿಟ್ಟು ಎಲ್ಲಿಟ್ಟಿದ್ದೀ?"

"ಬಾಗಿಲ ಹಿಂದೆ, ನೀಲಿ ಡಬ್ಬಿ."

ಅಂಗಳದಲ್ಲಿ ಐದು ಜನ ಗಂಡಾಳುಗಳೂ ಇದ್ದರು, ಪುಟ್ಟರಾಜುವೂ ಇದ್ದ, ಮಂಚದ ಮೇಲೆ ತೇಜಸ್ಸೂ ಇದ್ದ. ಒಲೆ ಹೊತ್ತಿಸಿದವಳು ಮಾತ್ರ ಏಳು ಗಂಟೆಯಿಂದ ಶುಂಠಿ ಕಿತ್ತ ಅರವತ್ತರ ಹೆಂಗಸು. ಕೆಲಸ ಮಾಯವಾಗಲಿಲ್ಲ, ಇನ್ನೊಬ್ಬಳ ಕೈಗೆ ದಾಟಿತು, ಅಷ್ಟೇ. ಅದು ಉಷಾರಾಣಿಗೆ ಗೊತ್ತಿತ್ತು. ಗೊತ್ತಿದ್ದೂ ಹೊರಗೆ ಹೋಗಲಿಲ್ಲ.

"ಇನ್ನೊಂದಿದೆ ಪುಟ್ಟಿ, ಹನ್ನೆರಡನೇ ಹಾಳೆ ತಗಿ, ಅದರಲ್ಲಿ ಕನ್ನಡೀನ..." ಎನ್ನುವಷ್ಟರಲ್ಲಿ ಬಾಗಿಲಿಗೆ ಒದೆ ಬಿತ್ತು. ಎರಡನೇ ಒದೆಗೆ ಚಿಲಕದ ಮೊಳೆ ಕಿತ್ತು ನೆಲಕ್ಕೆ ಉರುಳಿತು.

"ಮಾನ ಕಳೀತಿದ್ದೀಯಲ್ಲೇ!" ಪುಟ್ಟರಾಜು ಬೆವರುತ್ತಿದ್ದ. "ಕೂಲಿ ಮಾಡೋರು ಬಂದು ನಮ್ಮನೇಲಿ ಮುದ್ದೆ ತೊಳಸ್ತಾವ್ರೆ. ಊರಲ್ಲಿ ಹೆಂಗೆ ತಲೆ ಎತ್ಲಿ?"

"ನೀವು ತೊಳಸ್ಬೋದಿತ್ತು," ಎಂದಳು ಉಷಾರಾಣಿ.

ಅವನು ಕೈ ಎತ್ತಿದ. ಬಾಗಿಲಲ್ಲಿ ಹದಿನಾರು ಜೋಡಿ ಕಣ್ಣು. ಕೈ ಇಳಿಯಿತು. ಹಾಳೆಗಳನ್ನು ಒಟ್ಟಿಗೆ ಬಾಚಿ ಅಂಗಳಕ್ಕೆ ಎಸೆದು ಹೋದ. ಅವಳು ಎದ್ದು ಹೋಗಿ ಬಡಿಸಿದಳು.

ಆ ಸಂಜೆ ಲಾರಿ ಬಂತು, ಚೀಲಗಳು ಏರಿದವು, ಸೋಪಿನ ಬಟ್ಟೆ ಕೆರೆಗೆ ಮತ್ತೆ ಹೋಗಿ ಬಂತು. ಮನೆಯಲ್ಲಿ ಯಾರೂ ಅವಳೊಂದಿಗೆ ಮಾತಾಡಲಿಲ್ಲ. ಇಂಚರ ಉಣ್ಣದೆ ನಿದ್ದೆಹೋದಳು. ಬೆಳಗ್ಗೆ ತಾಯಿ ಮಗಳು ಯಾರನ್ನೂ ಕೇಳದೆ ಹೊರಟರು. ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಕಂಬಿ ಹಿಡಿದು ಹುಡುಗಿ ಕಣ್ಣು ಮುಚ್ಚಿ ಅದನ್ನೇ ಹೇಳಿಕೊಳ್ಳುತ್ತಿದ್ದಳು, ನೀರಿಗೆ ತಲೆ ಮುಳುಗುತ್ತೆ, ಪಕ್ಕ ಬದಲಾಗಲ್ಲ. ಏನೋ ಒಂದು ಬಾಕಿ ಇದೆ ಎಂದು ಉಷಾರಾಣಿಗೆ ಅನ್ನಿಸುತ್ತಿತ್ತು. ಹಾಲ್ ಟಿಕೆಟ್ಟು? ಇದೆ. ಪೆನ್ನು? ಇದೆ. ಮತ್ತೇನು? ಜನ ನೂಕಿದರು, ನೆನಪು ಬರಲಿಲ್ಲ.

ಕುಶಾಲನಗರದ ಪರೀಕ್ಷಾ ಕೇಂದ್ರದ ಗೇಟಿನಾಚೆ ಎರಡು ಗಂಟೆ ನಿಂತೇ ಕಾದಳು. ಮನೆಯಿಂದ ಫೋನು ಏಳು ಸಲ ಬಡಿದುಕೊಂಡಿತು. ತೆಗೆಯಲಿಲ್ಲ. ಬಾಗಿಲು ತೆರೆದು ಮಕ್ಕಳು ಹೊರಬಿದ್ದರು. ಇಂಚರ ಓಡಿ ಬಂದಳು, ಕೆನ್ನೆ ಕೆಂಪಗಾಗಿತ್ತು.

"ನೀರಿಂದು ಎರಡು ಬಂದಿತ್ತವ್ವ! ಕಳ್ಳ ಚಿತ್ರ ಎರಡರಲ್ಲೂ ಇತ್ತು. ಓರೆ ಗೆರೆ ನೋಡ್ದೆ, ಸಿಕ್ಕಾಕ್ಕೊಂತು."

ಪ್ರಶ್ನೆಪತ್ರಿಕೆ ಒಳಗೇ ಇಟ್ಟುಕೊಂಡಿದ್ದರು. ಕಾಂಪೌಂಡಿನ ಪಕ್ಕದ ಮಣ್ಣಿನಲ್ಲಿ ಕೂತು, ಕಡ್ಡಿಯಿಂದ ಒಂದೊಂದನ್ನೇ ಬರೆದು ತೋರಿಸಿದಳು. ಎರಡೂ ಸರಿ. ಉಷಾರಾಣಿ ಮಗಳ ಪಕ್ಕದಲ್ಲೇ ಕೂತಳು.

"ಕನ್ನಡೀದೂ ಎರಡು. ಒಂದು ಇದು." ಅದೂ ಸರಿ. "ಇನ್ನೊಂದು ಇದು." ಹುಡುಗಿ ಒಂದು ಕೊಡೆಯಂಥ ಚಿತ್ರ ಬರೆದಳು, ಹಿಡಿ ಎಡಕ್ಕೆ ಬಾಗಿತ್ತು. "ಕನ್ನಡಿ ಅಂತ ಇತ್ತು. ಪಕ್ಕ ಬದಲಾಯಿಸಿದ್ದಕ್ಕೆ ಗುರುತು ಹಾಕ್ದೆ."

"ಕನ್ನಡಿ ಗೆರೆ ಎಲ್ಲಿ ಎಳೆದಿದ್ರು?"

ಇಂಚರ ಕೊಡೆಯ ಕೆಳಗೆ ಉದ್ದಕ್ಕೆ, ಮಲಗಿದ ಒಂದು ಗೆರೆ ಎಳೆದಳು.

ಹನ್ನೆರಡನೇ ಹಾಳೆ. ಬಸ್ಸಿನಲ್ಲಿ ಬರದ ನೆನಪು ಈಗ ಬಂತು. ಕನ್ನಡೀನ ಪಕ್ಕದಲ್ಲಿಡದೆ ಚಿತ್ರದ ಕೆಳಗಿಟ್ಟರೆ ಅದು ನೀರಿನಂತೆಯೇ. ತಲೆ ಮುಳುಗುತ್ತದೆ, ಪಕ್ಕ ಬದಲಾಗುವುದಿಲ್ಲ. ಪದ ನೋಡಬೇಡ, ಗೆರೆ ಎಲ್ಲಿದೆ ನೋಡು. ಚಿಲಕ ಮುರಿದಾಗ ಬಾಯಲ್ಲಿದ್ದ ಮಾತು ಅದೇ.

ಹುಡುಗಿ ಕಾಯುತ್ತಿದ್ದಳು. ಸರಿ ಎಂದುಬಿಡಬಹುದಿತ್ತು. ನಾಲ್ಕು ತಿಂಗಳು ತಪ್ಪನ್ನು ಸರಿ ಎಂದಿದ್ದ ಬಾಯಿಗೆ ಅದು ಆಗಲಿಲ್ಲ.

"ಅದು ತಪ್ಪು ಕಣೆ. ಗೆರೆ ಕೆಳಗಿದ್ರೆ ಅದು ನೀರಿನ ಥರ. ನಾನು ಹೇಳಿರ್ಲಿಲ್ಲ. ಹೇಳಕ್ಕೆ ಬಿಡ್ಲಿಲ್ಲ."

ಇಂಚರ ಕೊಡೆಯ ಕಡೆ ಬಗ್ಗಿದಳು. "ಒಂದೇ ತಾನೆ?" ಎಂದಳು. ಮಣ್ಣನ್ನು ಕೈಯಿಂದ ಒರೆಸಿ ಮತ್ತೆ ಬರೆದಳು. ಗೆರೆಯ ಕೆಳಗೆ ಕೊಡೆ ತಲೆಕೆಳಗಾಯಿತು, ಹಿಡಿ ಎಡಕ್ಕೇ ಉಳಿಯಿತು. ಎರಡು ಗಂಟೆಯ ಬಸ್ಸು ಎದುರಿಗೇ ಹೋಯಿತು. ಇಬ್ಬರೂ ಏಳಲಿಲ್ಲ.

ಆಯ್ಕೆ ಪಟ್ಟಿ ಏಪ್ರಿಲ್‌ನಲ್ಲಿ ಬಂತು. ಶರ್ಮಿಳಾ ಮಿಸ್ ಮೊಬೈಲಿನಲ್ಲಿ ಮೂರು ಸಲ ಹುಡುಕಿದರು. ಇಂಚರಳ ಹೆಸರು ಪಟ್ಟಿಯಲ್ಲಿರಲಿಲ್ಲ. ಅದರ ಕೆಳಗಿನ ಕಾಯುವ ಪಟ್ಟಿಯಲ್ಲಿ ಎರಡನೆಯದಾಗಿತ್ತು. "ಮೇಲಿನವರು ಯಾರಾದ್ರೂ ಬಿಟ್ರೆ ಫೋನ್ ಮಾಡ್ತಾರೆ. ಒಂದು ಅಂಕ ಹೆಚ್ಚಿಗೆ ಬಂದಿದ್ರೆ..." ಎಂದರು ಮಿಸ್. ಆ ಒಂದು ಅಂಕ ಯಾವುದು, ಅದು ಯಾವ ಬಾಗಿಲ ಹಿಂದೆ ಉಳಿಯಿತು ಎಂದು ಉಷಾರಾಣಿ ಯಾರಿಗೂ ಹೇಳಲಿಲ್ಲ. ಮುರಿದ ಚಿಲಕವನ್ನೂ ಸರಿ ಮಾಡಿಸಲಿಲ್ಲ. ಪುಟ್ಟರಾಜು ಹೋಗಿ ಬರುವಾಗಲೆಲ್ಲ ಅದನ್ನು ದಾಟಿಯೇ ಹೋಗಬೇಕು.

ಈಗ ಜುಲೈ. ಫೋನು ಬಂದಿಲ್ಲ. ವಸತಿ ಶಾಲೆ ಶುರುವಾಗಿ ತಿಂಗಳಾಗಿದೆ. ಇಂಚರ ಪಕ್ಕದೂರಿನ ಶಾಲೆಗೆ ನಡೆದು ಹೋಗುತ್ತಾಳೆ. ಬೆಳಗ್ಗೆ ಅಂಗಳ ಗುಡಿಸುವುದು ಈಗ ತೇಜಸ್‌ನ ಪಾಲಿಗೆ. ಪೊರಕೆಯನ್ನು ಹಾವಿನಂತೆ ಹಿಡಿಯುತ್ತಾನೆ. "ಗಂಡುಡುಗನ ಕೈಲಿ ಪರಕೆ!" ಎಂದು ನಿಂಗಮ್ಮ ದಿನಾ ಅಳುತ್ತಾರೆ. ಗುಡಿಸದಿದ್ದರೆ ತಿಂಡಿ ಡಬ್ಬಿ ಇಲ್ಲ ಎಂದು ಉಷಾರಾಣಿ ಒಂದೇ ಸಲ ಹೇಳಿದ್ದು. ಚಿಲಕದ ದಿನದಿಂದ ಅವಳು ಹೇಳಿದ್ದನ್ನು ಮಾಡುತ್ತಾಳೆಂದು ಮನೆಗೆ ಗೊತ್ತಾಗಿದೆ.

ಸಂಜೆ ಐದಕ್ಕೆ ಸಿದ್ದಮ್ಮ ತನ್ನ ಮೊಮ್ಮಗಳನ್ನು ಕರೆತಂದು ಗೊಬ್ಬರದ ಚೀಲದ ಮೇಲೆ ಕೂರಿಸುತ್ತಾಳೆ. ಮುಂದಿನ ಜನವರಿಯ ಪರೀಕ್ಷೆಗೆ ಆ ಹುಡುಗಿಯ ಸರದಿ. ಎಣ್ಣೆ ಒರೆಸಿದ ಕಾಗದ ಕಿಟಕಿಯಲ್ಲಿ ಒಣಗುತ್ತಿರುತ್ತದೆ. ಹುಡುಗಿ ಪೆನ್ಸಿಲು ಹಿಡಿದು ನಾಲ್ಕು ಚಿತ್ರಗಳ ಕಡೆ ಬಗ್ಗಿದ ತಕ್ಷಣ ಮಿಷನ್ನು ನಿಲ್ಲುತ್ತದೆ.

"ಅದನ್ನಲ್ಲ ಮೊದಲು ನೋಡೋದು," ಎನ್ನುತ್ತಾಳೆ ಉಷಾರಾಣಿ. "ಕನ್ನಡಿ ಎಲ್ಲಿಟ್ಟವ್ರೆ?"

ಮಿಷನ್ನಿನ ಪಕ್ಕದಲ್ಲಿ, ಕೈಗೆಟಕುವಂತೆ, ಅವಳ ಫೋನು ಚಾರ್ಜಿಗಿರುತ್ತದೆ. ಅದು ಅಲುಗಿದಂತಾದಾಗಲೆಲ್ಲ ಅವಳ ಕಾಲು ಪೆಡಲಿನ ಮೇಲೆ ತಡೆಯುತ್ತದೆ. ನೋಡಿದರೆ ಹೊಲದಿಂದ ಪುಟ್ಟರಾಜು, ಚಹಾ ಎಲ್ಲಿ ಎಂದು.